ವೆಂಚುರಿ ಗೊಬ್ಬರದ ನೀರು ಎಳೆಯುತ್ತಿಲ್ಲವೇ? ಕಿರಿದಾಗುವ ಪೈಪಿನ ವೇಗ, ಒತ್ತಡ ನೋಡಿ ದೋಷ ಹಿಡಿಯುವುದು

ಸಿರಸಿ ಕಡೆ ಅಡಿಕೆ ತೋಟದಲ್ಲಿ ಈಗ ವೆಂಚುರಿ ಹೊಸದೇನಲ್ಲ. ಬೆಟ್ಟದ ಮೇಲಿನ ಟ್ಯಾಂಕಿಯಿಂದ ಅಬ್ಬಿ ನೀರು ತಾನಾಗೇ ಇಳಿದು ಬರುತ್ತದೆ, ತೋಟದ ತಲೆಯಲ್ಲಿ ಫಿಲ್ಟರ್, ಅದರ ಮುಂದೆ ವೆಂಚುರಿ, ಆಮೇಲೆ ಸ್ಪ್ರಿಂಕ್ಲರ್. ವೆಂಚುರಿಯ ಸಣ್ಣ ನಳಿಗೆಯನ್ನು ಗೊಬ್ಬರ ಕರಗಿಸಿದ ಡ್ರಮ್ಮಿಗೆ ಇಳಿಸಿದರೆ ಕರೆಂಟೂ ಬೇಡ, ಪಂಪೂ ಬೇಡ, ಅದೇ ಎಳೆದುಕೊಳ್ಳುತ್ತದೆ. ಆದರೆ ಮಳೆಗಾಲ ಮುಗಿದು ಮೊದಲ ಸಲ ನೀರು ಬಿಡುವಾಗ, ಇಲ್ಲವೇ ಬೇಸಿಗೆ ಮಧ್ಯದಲ್ಲಿ ಇದ್ದಕ್ಕಿದ್ದ ಹಾಗೆ, ಎಳೆಯುವುದು ನಿಂತುಬಿಡುತ್ತದೆ. ಜನ ಮೊದಲು ಮಾಡುವ ಕೆಲಸ ಅಂದರೆ ವೆಂಚುರಿಯನ್ನೇ ಬೈದು ಹೊಸದು ತರುವುದು. ಹೆಚ್ಚಿನ ಸಲ ವೆಂಚುರಿಯದ್ದು ತಪ್ಪೇ ಇರುವುದಿಲ್ಲ.

ಇದರ ಒಳಗೆ ತಿರುಗುವ ಭಾಗ ಒಂದೂ ಇಲ್ಲ. ಇರುವುದು ಒಂದು ಪೈಪು, ನಡುವೆ ಕಿರಿದಾಗುತ್ತದೆ, ಆಮೇಲೆ ನಿಧಾನಕ್ಕೆ ಅಗಲವಾಗುತ್ತದೆ, ಅಷ್ಟೇ. ಕಿರಿದಾದ ಜಾಗದಲ್ಲಿ ನೀರಿನ ವೇಗ ಎಷ್ಟು, ಒತ್ತಡ ಎಷ್ಟು ಅನ್ನುವುದು ಗೊತ್ತಾದರೆ ದೋಷ ಎಲ್ಲಿದೆ ಅನ್ನುವುದೂ ಗೊತ್ತಾಗುತ್ತದೆ. ಪಿಯುಸಿ ಪಾಠದಲ್ಲಿ ಬರುವ ಲೆಕ್ಕವೇ ಸಾಕು. ಅದನ್ನು ಮೊದಲು ಒಂದು ಸಲ ಸರಿಯಾಗಿರುವ ಲೈನಿಗೆ ಮಾಡಿ ಇಟ್ಟುಕೊಳ್ಳೋಣ.

ಎಲ್ಲ ಸರಿ ಇದ್ದಾಗ ಲೆಕ್ಕ ಹೇಗಿರುತ್ತದೆ

ಒಂದು ತೋಟ ತೆಗೆದುಕೊಳ್ಳೋಣ. ಟ್ಯಾಂಕಿಯ ನೀರಿನ ಮಟ್ಟ ವೆಂಚುರಿಗಿಂತ 15 ಮೀಟರ್ ಮೇಲಿದೆ. ವೆಂಚುರಿ ದಾಟಿದ ಮೇಲೆ ತೋಟದ ಕಡೆ ಇರುವ ವಾಲ್ವ್ ಮುಚ್ಚಿ ನೀರು ನಿಲ್ಲಿಸಿದರೆ ವೆಂಚುರಿಯ ಮುಂಚಿನ ಗೇಜು 1.5 ಕೆಜಿ ತೋರಿಸುತ್ತದೆ. 1 ಕೆಜಿ ಪ್ರೆಶರ್ ಅಂದರೆ 10 ಮೀಟರ್ ಎತ್ತರದ ನೀರು, ಹಾಗಾಗಿ ಇದು ಸರಿ. ನೀರು ಹರಿಯಲು ಬಿಟ್ಟರೆ ಗೇಜು 1.0ಕ್ಕೆ ಇಳಿಯುತ್ತದೆ. ಉಳಿದ 5 ಮೀಟರನ್ನು ಬೆಟ್ಟದಿಂದ ಬರುವ ಪೈಪಿನ ತಿಕ್ಕಾಟ ತಿಂದಿತು. ಇದೂ ಸರಿ.

ಈಗ ಎಷ್ಟು ನೀರು ಹರಿಯುತ್ತಿದೆ ಅಂತ ನೋಡಬೇಕು. ಪೈಪಿನ ತುದಿ ಬಿಚ್ಚಿ ಬಕೆಟ್ ಇಟ್ಟರೆ ತಪ್ಪು ಉತ್ತರ ಬರುತ್ತದೆ, ಯಾಕೆಂದರೆ ತುದಿ ಬಿಚ್ಚಿದ ಕೂಡಲೇ ಹರಿವೇ ಬದಲಾಗುತ್ತದೆ. ಲೈನು ಎಂದಿನಂತೆ ಓಡುತ್ತಿರಲಿ. ಒಂದು ಸ್ಪ್ರಿಂಕ್ಲರಿನ ತಲೆಯ ಮೇಲೆ ದಪ್ಪ ಹೋಸ್ ಪೈಪಿನ ತುಂಡನ್ನು ಸಡಿಲವಾಗಿ ಕವಿಚಿ, ನೀರನ್ನು 10 ಲೀಟರ್ ಬಕೆಟ್ಟಿಗೆ ಹಿಡಿಯಿರಿ. ನಮ್ಮ ಉದಾಹರಣೆಯಲ್ಲಿ ಬಕೆಟ್ ತುಂಬಲು 100 ಸೆಕೆಂಡು ಬೇಕಾಯಿತು ಅನ್ನೋಣ. ಅಂದರೆ ಒಂದಕ್ಕೆ ಸೆಕೆಂಡಿಗೆ 0.1 ಲೀಟರ್. ಸ್ಪ್ರಿಂಕ್ಲರ್ 8 ಇವೆ, ಒಟ್ಟು 0.8 ಲೀಟರ್. ಮೊದಲನೆಯದು ಮತ್ತು ಕೊನೆಯದು ಎರಡನ್ನೂ ಅಳೆದು ಸರಾಸರಿ ತೆಗೆದರೆ ಇನ್ನೂ ಒಳ್ಳೆಯದು.

ವೆಂಚುರಿಯ ಬಾಯಿ 25 ಮಿಲಿಮೀಟರ್, ನಡುವಿನ ಕಿರಿದಾದ ಕುತ್ತಿಗೆ 8 ಮಿಲಿಮೀಟರ್. ನೀರನ್ನು ಹಿಂಡಿ ಸಣ್ಣ ಮಾಡಲು ಆಗುವುದಿಲ್ಲ. ಹಾಗಾಗಿ ಬಾಯಿಯಲ್ಲಿ ಸೆಕೆಂಡಿಗೆ ಎಷ್ಟು ಲೀಟರ್ ಒಳಗೆ ಹೋಯಿತೋ ಅಷ್ಟೇ ಲೀಟರ್ ಕುತ್ತಿಗೆಯಲ್ಲೂ ಹಾದು ಹೋಗಲೇಬೇಕು. ಜಾಗ ಕಮ್ಮಿ, ನೀರು ಅಷ್ಟೇ, ಅಂದಮೇಲೆ ಓಡಲೇಬೇಕು. ನಿರಂತರತೆಯ ಸಮೀಕರಣ ಹೇಳುವುದು ಇಷ್ಟನ್ನೇ:

```
A1 × v1 = A2 × v2
h1 + v1²/19.6 = h2 + v2²/19.6
```

ಎರಡನೇ ಸಾಲು ಬರ್ನೌಲಿಯದ್ದು. ಒತ್ತಡವನ್ನು ಮೀಟರ್ ನೀರಿನಲ್ಲಿ ಬರೆದರೆ ಹೀಗೆ ಚಿಕ್ಕದಾಗುತ್ತದೆ. h ಅಂದರೆ ಒತ್ತಡ ಮೀಟರಿನಲ್ಲಿ, v ಅಂದರೆ ವೇಗ ಸೆಕೆಂಡಿಗೆ ಮೀಟರಿನಲ್ಲಿ, 19.6 ಅನ್ನುವುದು ಗುರುತ್ವದ 9.8ರ ಎರಡರಷ್ಟು. ವೆಂಚುರಿ ಅಡ್ಡ ಮಲಗಿರುವುದರಿಂದ ಎತ್ತರದ ವ್ಯತ್ಯಾಸ ಸೇರಿಸಬೇಕಾಗಿಲ್ಲ.

25 ಮಿಲಿಮೀಟರ್ ಬಾಯಿಯ ಕ್ಷೇತ್ರಫಲ 4.91 ಚದರ ಸೆಂಟಿಮೀಟರ್. 0.8 ಲೀಟರ್ ಅಂದರೆ 800 ಘನ ಸೆಂಟಿಮೀಟರ್. ಭಾಗಿಸಿದರೆ ವೇಗ ಸೆಕೆಂಡಿಗೆ 1.63 ಮೀಟರ್. ಕುತ್ತಿಗೆಯ ಕ್ಷೇತ್ರಫಲ ಬರೀ 0.503 ಚದರ ಸೆಂಟಿಮೀಟರ್, ಅಲ್ಲಿ ವೇಗ 15.9 ಮೀಟರ್. ವ್ಯಾಸ ಮೂರು ಪಟ್ಟು ಚಿಲ್ಲರೆ ಕಮ್ಮಿಯಾಗಿದ್ದಕ್ಕೆ ವೇಗ ಹತ್ತಿರ ಹತ್ತಿರ ಹತ್ತು ಪಟ್ಟು ಏರಿತು.

ಈ ವೇಗ ಬಿಟ್ಟಿ ಬರುವುದಿಲ್ಲ, ಒತ್ತಡ ಕೊಟ್ಟು ಕೊಳ್ಳಬೇಕು. 15.9 ಮೀಟರ್ ವೇಗಕ್ಕೆ 12.9 ಮೀಟರ್ ಒತ್ತಡ ಬೇಕು. ಬಾಯಿಯಲ್ಲಿ ಮೊದಲೇ ಇದ್ದ ವೇಗದ ಲೆಕ್ಕ 0.1 ಮೀಟರ್ ಕಳೆದರೆ 12.8. ಆದರೆ ಬಾಯಿಯಲ್ಲಿ ಇದ್ದದ್ದೇ 10 ಮೀಟರ್. ಹಾಗಾಗಿ ಕುತ್ತಿಗೆಯಲ್ಲಿ ಒತ್ತಡ ಮೈನಸ್ 2.8 ಮೀಟರ್. ಮೈನಸ್ ಅಂದರೆ ಹೊರಗಿನ ಗಾಳಿಯ ಒತ್ತಡಕ್ಕಿಂತ ಕಮ್ಮಿ. ಹೊರಗಿನ ಗಾಳಿ ಡ್ರಮ್ಮಿನ ನೀರನ್ನು ಒತ್ತುತ್ತದೆ, ನೀರು ನಳಿಗೆಯಲ್ಲಿ ಮೇಲೇರಿ ಕುತ್ತಿಗೆಗೆ ನುಗ್ಗುತ್ತದೆ. ಡ್ರಮ್ಮಿನ ನೀರು 1 ಮೀಟರ್ ಕೆಳಗಿದ್ದರೂ ಎತ್ತಲು ಸಾಕಷ್ಟು ಬಲ ಇದೆ.

ಇಷ್ಟು ಮನಸ್ಸಿನಲ್ಲಿ ಇರಲಿ: ಕುತ್ತಿಗೆಯಲ್ಲಿ 12.8 ಮೀಟರ್ ಇಳಿಯುತ್ತದೆ, ಬಾಯಿಯ 10 ಮೀಟರಿಗಿಂತ ಅದು ಜಾಸ್ತಿ, ಅದಕ್ಕೇ ಎಳೆಯುತ್ತದೆ. ಬಾಯಿಯ ಒತ್ತಡಕ್ಕಿಂತ ಈ ಇಳಿತ ಕಮ್ಮಿಯಾದ ದಿನ ಎಳೆಯುವುದು ನಿಲ್ಲುತ್ತದೆ.

ಕೈ ಹಾಕುವ ಮುಂಚೆ

ಇದನ್ನು ಮುಂಚೆಯೇ ಹೇಳುತ್ತೇನೆ, ಯಾಕೆಂದರೆ ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಬಚ್ಚಲಿಗೂ ಅಡುಗೆಮನೆಗೂ ತೋಟಕ್ಕೂ ಒಂದೇ ಅಬ್ಬಿ ಲೈನು. ಮೇಲಿನ ಟ್ಯಾಂಕಿ ಖಾಲಿಯಾಗಿ ಲೈನು ಹಿಂದಕ್ಕೆ ಎಳೆದರೆ ಗೊಬ್ಬರದ ನೀರು ಮನೆಯ ನಲ್ಲಿಗೆ ಬರಬಹುದು. ಕುಡಿಯುವ ನೀರಿನ ಲೈನಿಗೆ ವೆಂಚುರಿ ಹಾಕಲೇಬೇಡಿ. ಬೇರೆ ದಾರಿಯೇ ಇಲ್ಲದಿದ್ದರೆ ತೋಟಕ್ಕೆ ಒಂದು ಬೇರೆ ಟ್ಯಾಂಕಿ ಮಾಡಿ, ಅದಕ್ಕೆ ನೀರು ಮೇಲಿನಿಂದ ಗಾಳಿಯಲ್ಲಿ ಬೀಳಲಿ, ಪೈಪು ಆ ನೀರಿನೊಳಗೆ ಮುಳುಗಿರಬಾರದು. ಬರೀ ನಾನ್ ರಿಟರ್ನ್ ವಾಲ್ವ್ ನಂಬಿ ಕುಡಿಯುವ ನೀರಿನ ಜೊತೆ ಆಟ ಬೇಡ, ಒಂದು ಎಲೆಯ ಚೂರು ಸಿಕ್ಕಿದರೂ ಅದು ಪೂರ್ತಿ ಮುಚ್ಚುವುದಿಲ್ಲ.

ಎರಡನೆಯದು, ಯಾವ ವಾಲ್ವ್ ಮುಟ್ಟುವ ಮುಂಚೆಯೂ ಗೊಬ್ಬರದ ನಳಿಗೆಯ ಸಣ್ಣ ವಾಲ್ವ್ ಮುಚ್ಚಿ. ಮುಂದಿನ ವಾಲ್ವ್ ಮೊದಲು ಮುಚ್ಚಿದರೆ ಪೂರ್ತಿ 1.5 ಕೆಜಿ ಪ್ರೆಶರ್ ನಳಿಗೆಯಲ್ಲಿ ಹಿಂದಕ್ಕೆ ಹೊರಟು ಡ್ರಮ್ಮು ಉಕ್ಕುತ್ತದೆ. ಹಿಂದಿನ ವಾಲ್ವ್ ಮೊದಲು ಮುಚ್ಚಿದರೆ ತೋಟ ಕೆಳಗಿದ್ದಲ್ಲಿ ಡ್ರಮ್ಮಿನ ಗೊಬ್ಬರವೆಲ್ಲ ಒಂದೇ ಸಲ ಇಳಿದು ಹೋಗಿ ಒಂದೆರಡು ಮರದ ಬುಡಕ್ಕೆ ಸೇರುತ್ತದೆ.

ನಳಿಗೆಗೆ ಬಾಯಿ ಹಾಕಿ ಎಳೆಯುವ ಅಭ್ಯಾಸ ಕೆಲವರಿಗಿದೆ. ದಯವಿಟ್ಟು ಬೇಡ. ಪಂಪಿನ ಲೈನಾದರೆ ಯೂನಿಯನ್ ಬಿಚ್ಚುವ ಮುಂಚೆ ಮೇನ್ ಸ್ವಿಚ್ಚೇ ತೆಗೆಯಿರಿ, ಆಟೋ ಸ್ಟಾರ್ಟರ್ ಇದ್ದರೆ ಕರೆಂಟು ಬಂದ ಕೂಡಲೇ ಹೇಳದೆ ಕೇಳದೆ ಶುರುವಾಗುತ್ತದೆ.

ಲಕ್ಷಣ: ಸ್ಪ್ರಿಂಕ್ಲರ್ ಚೆನ್ನಾಗಿ ತಿರುಗುತ್ತಿದೆ, ಗೇಜೂ ಎಂದಿನಂತಿದೆ, ಗೊಬ್ಬರ ಮಾತ್ರ ಇಳಿಯುತ್ತಿಲ್ಲ

ಇದು ಎಲ್ಲಕ್ಕಿಂತ ಸುಲಭದ್ದು, ಖರ್ಚೂ ಇಲ್ಲ. ಹರಿವೂ ಗೇಜೂ ಸರಿ ಇದ್ದರೆ ಹೆಚ್ಚಿನ ಸಲ ಕುತ್ತಿಗೆಯಲ್ಲಿ ಎಳೆತ ಇರುತ್ತದೆ. ಅದು ಡ್ರಮ್ಮಿನವರೆಗೆ ತಲುಪುತ್ತಿಲ್ಲ ಅಷ್ಟೇ.

ಪರೀಕ್ಷೆಗೆ ಬೆರಳೇ ಸಾಕು. ನಳಿಗೆಯನ್ನು ವೆಂಚುರಿಯ ಬಳಿ ಬಿಚ್ಚಿ, ಆ ಸಣ್ಣ ತೂತಿನ ಮೇಲೆ ಒದ್ದೆ ಬೆರಳು ಇಡಿ. ಸುಸ್ ಅಂತ ಗಾಳಿ ಒಳಗೆ ಹೋಗುವ ಸದ್ದು ನಿಂತು, ಬೆರಳಿನ ಚರ್ಮ ಒಳಗೆ ಜಗ್ಗಿದ ಹಾಗಾಗಬೇಕು. ಹಾಗಾದರೆ ವೆಂಚುರಿ ಆರೋಗ್ಯವಾಗಿದೆ, ನಳಿಗೆಯ ಕಡೆ ನೋಡಿ. ನೀರು ಬೆರಳನ್ನು ಹೊರಕ್ಕೆ ತಳ್ಳಿದರೆ ಈ ವಿಭಾಗ ಬಿಟ್ಟು ಮುಂದಕ್ಕೆ ಹೋಗಿ.

ನಳಿಗೆಯ ಕಡೆಯ ದೋಷಗಳು ಎಲ್ಲರಿಗೂ ಗೊತ್ತಿರುವವೇ. ತುದಿಯ ಜಾಳಿಗೆಗೆ ಜೀವಾಮೃತದ ನಾರು ಕಟ್ಟಿಕೊಂಡಿರುತ್ತದೆ. ಜೀವಾಮೃತವನ್ನು ಒಂದೇ ಸಲ ಸೋಸಿದರೆ ಸಾಲುವುದಿಲ್ಲ, ಹಳೇ ಪಂಚೆ ಎರಡು ಮಡಿಕೆ ಮಾಡಿ ಇನ್ನೊಮ್ಮೆ ಸೋಸಿ. ನಳಿಗೆ ಡ್ರಮ್ಮಿನ ಅಂಚಿಗೆ ಮಡಚಿಕೊಂಡಿರಬಹುದು. ಸಣ್ಣ ನಾನ್ ರಿಟರ್ನ್ ವಾಲ್ವಿನ ಒಳಗಿನ ಗುಂಡು ಅಂಟಿಕೊಂಡಿರಬಹುದು, ಕಳಚಿ ಬಿಸಿನೀರಲ್ಲಿ ತೊಳೆದರೆ ಬಿಡುತ್ತದೆ. ಡ್ರಮ್ಮನ್ನು ಯಾರಾದರೂ ತಗ್ಗಿನ ಜಾಗಕ್ಕೆ ಸರಿಸಿದ್ದಾರೋ ನೋಡಿ. 2.8 ಮೀಟರ್ ಎಳೆತಕ್ಕೆ 3 ಮೀಟರ್ ಕೆಳಗಿನ ಕಾದಿಗೆಯಲ್ಲಿ ಇಟ್ಟ ಡ್ರಮ್ಮಿನಿಂದ ಒಂದು ತೊಟ್ಟೂ ಮೇಲೆ ಬರುವುದಿಲ್ಲ.

ಲಕ್ಷಣ: ಎಳೆಯುವುದೂ ಕಮ್ಮಿ, ಸ್ಪ್ರಿಂಕ್ಲರೂ ಸೊರಗಿದೆ, ಗೇಜೂ ಇಳಿದಿದೆ

ಮೂರೂ ಒಟ್ಟಿಗೆ ಕಮ್ಮಿಯಾದರೆ ಅಡ್ಡಿ ವೆಂಚುರಿಗಿಂತ ಹಿಂದೆ ಇದೆ. ಗೇಜು ಫಿಲ್ಟರಿಗೂ ವೆಂಚುರಿಗೂ ನಡುವೆ ಇದೆಯಲ್ವಾ, ಹಾಗಾಗಿ ಫಿಲ್ಟರ್, ಬೆಟ್ಟದ ಪೈಪು, ಟ್ಯಾಂಕಿಯ ಬಾಯಿ, ಈ ಮೂರರಲ್ಲಿ ಒಂದು.

ಇಲ್ಲಿ ಲೆಕ್ಕ ಒಂದು ಮುಖ್ಯ ವಿಷಯ ಹೇಳುತ್ತದೆ. ಬಕೆಟ್ ತುಂಬಲು 100ರ ಬದಲು 160 ಸೆಕೆಂಡು ಆಯಿತು ಅನ್ನಿ. ಒಟ್ಟು ಹರಿವು 0.5 ಲೀಟರ್. ಕುತ್ತಿಗೆಯ ವೇಗ 15.9ರಿಂದ 9.9ಕ್ಕೆ ಇಳಿಯಿತು. ಆದರೆ ಒತ್ತಡದ ಇಳಿತ ವೇಗದ ವರ್ಗದ ಮೇಲೆ ನಿಂತಿದೆ, ಅದು 12.8ರಿಂದ 5.0 ಮೀಟರಿಗೆ ಬಿತ್ತು. ಹರಿವು ಮೂರರಲ್ಲಿ ಎರಡು ಪಾಲಿಗಿಂತ ಸ್ವಲ್ಪ ಕಮ್ಮಿ ಉಳಿದಿದೆ, ಇಳಿತ ಮಾತ್ರ ಐದರಲ್ಲಿ ಎರಡೇ ಪಾಲು. ಅದಕ್ಕೇ ಸ್ಪ್ರಿಂಕ್ಲರ್ ಇನ್ನೂ ತಕ್ಕಮಟ್ಟಿಗೆ ತಿರುಗುತ್ತಿರುವಾಗಲೇ ಗೊಬ್ಬರ ನಿಂತುಹೋಗುತ್ತದೆ, ನಾವು ನೀರು ಬರ್ತಾ ಇದೆಯಲ್ಲ ಅಂತ ವೆಂಚುರಿಯ ಮೇಲೆ ಅನುಮಾನ ಪಡುತ್ತೇವೆ.

ಅಡ್ಡಿ ಹಿಂದೆ ಇದ್ದಾಗ ಬಾಯಿಯ ಒತ್ತಡವೂ ಸುಮಾರು ಅದೇ ಪಾಲಿನಲ್ಲಿ ಇಳಿದು 3.9 ಮೀಟರ್ ಆಗುತ್ತದೆ (ತೋಟ ಸಮತಟ್ಟಾಗಿದ್ದರೆ). ಅದರಲ್ಲಿ 5.0 ಕಳೆದರೆ ಕುತ್ತಿಗೆಯಲ್ಲಿ ಮೈನಸ್ 1.1. ಎಳೆತ ಇದೆ, ಆದರೆ 1 ಮೀಟರ್ ಕೆಳಗಿನ ಡ್ರಮ್ಮಿನಿಂದ ಎತ್ತಲು ಅದು ಹೆಚ್ಚುಕಮ್ಮಿ ಅಲ್ಲಿಗಲ್ಲಿಗೆ. ಡ್ರಮ್ಮನ್ನು ನಾಲ್ಕು ಕಲ್ಲಿನ ಮೇಲೆ ಎತ್ತಿ ಇಟ್ಟು ನೋಡಿ. ಎತ್ತಿದ ಕೂಡಲೇ ಎಳೆಯಲು ಶುರು ಮಾಡಿದರೆ ದೋಷ ಇದೇ ಅಂತ ಖಾತ್ರಿಯಾಯಿತು. ಇದು ರೋಗ ಗುರುತಿಸುವ ಉಪಾಯ ಮಾತ್ರ, ಔಷಧಿ ಅಲ್ಲ.

ಮೊದಲು ಫಿಲ್ಟರ್ ಬಿಚ್ಚಿ. ನಮ್ಮ ಕಡೆ ಜಂಬಿಟ್ಟಿಗೆ ನೆಲದಿಂದ ಬರುವ ನೀರಿನಲ್ಲಿ ಒಂದು ಕೆಂಪು ಲೋಳೆ ಇರುತ್ತದೆ, ಜಾಳಿಗೆಯ ಮೇಲೆ ತೆಳ್ಳಗೆ ಪೊರೆ ಕಟ್ಟುತ್ತದೆ, ಬಿಸಿಲಿಗೆ ಹಿಡಿದು ನೋಡಿದರೆ ಬೆಳಕೇ ದಾಟುವುದಿಲ್ಲ. ಸುಮ್ನೆ ನೀರಲ್ಲಿ ಅದ್ದಿದರೆ ಹೋಗುವುದಿಲ್ಲ, ಹಳೇ ಹಲ್ಲುಜ್ಜುವ ಬ್ರಷ್ಷಿನಲ್ಲಿ ಒಳಗಿನಿಂದ ಹೊರಕ್ಕೆ ತಿಕ್ಕಬೇಕು. ಹಾಕುವಾಗ ರಬ್ಬರ್ ರಿಂಗು ಕೂತಿದೆಯೋ ನೋಡಿ.

ಫಿಲ್ಟರ್ ಸ್ವಚ್ಛ ಇದ್ದರೆ ನೀರು ನಿಲ್ಲಿಸಿ ಗೇಜು ನೋಡಿ. 1.5 ಬಂದರೆ ಟ್ಯಾಂಕಿಯ ಮಟ್ಟ ಸರಿ ಇದೆ, ಅಡ್ಡಿ ಪೈಪಿನಲ್ಲೇ ಇದೆ: ಟ್ಯಾಂಕಿಯ ಬಾಯಿಗೆ ಎಲೆ ಸಿಕ್ಕಿಕೊಂಡಿರಬಹುದು, ಇಲ್ಲವೇ ಪೈಪು ಎಲ್ಲೋ ಏರಿ ಇಳಿಯುವ ಜಾಗದಲ್ಲಿ ಗಾಳಿ ಕೂತಿರಬಹುದು. ನೀರು ನಿಂತಾಗಲೂ ಗೇಜು 1.5 ಮುಟ್ಟದೆ ಇದ್ದರೆ ಟ್ಯಾಂಕಿಯಲ್ಲಿ ನೀರಿಲ್ಲ ಅಥವಾ ದಾರಿಯಲ್ಲಿ ದೊಡ್ಡ ಸೋರಿಕೆ ಇದೆ. ನಿಂತ ನೀರಿಗೆ ತಿಕ್ಕಾಟ ಇರುವುದಿಲ್ಲ, ಅದಕ್ಕೇ ಈ ಒಂದು ನೋಟ ಇಷ್ಟು ಸ್ಪಷ್ಟವಾಗಿ ಬೇರೆ ಮಾಡುತ್ತದೆ.

ಲಕ್ಷಣ: ನೀರೇ ಹಿಂದಕ್ಕೆ ಬಂದು ಡ್ರಮ್ಮು ತುಂಬುತ್ತಿದೆ, ಗೇಜು ಮಾತ್ರ ಮೊದಲಿಗಿಂತ ಜಾಸ್ತಿ ತೋರಿಸುತ್ತಿದೆ

ಇದರ ಮೇಲೆ ಸ್ವಲ್ಪ ಹೊತ್ತು ನಿಲ್ಲಬೇಕು, ಯಾಕೆಂದರೆ ಇದನ್ನು ಜನ ಉಲ್ಟಾ ಓದುತ್ತಾರೆ.

ನಮ್ಮ ಹತ್ತಿರದ ತೋಟದ ಮಾವ ಒಬ್ಬರು ಕರೆದಿದ್ದರು. "ತಮಾ, ಇದು ಎಳೀತಿಲ್ಲೆ, ಪ್ರೆಶರ್ ಬೇಕಾದಷ್ಟು ಇದ್ದು" ಅಂದರು. ಗೇಜು ನಿಜಕ್ಕೂ 1.3 ತೋರಿಸುತ್ತಿತ್ತು, ಮೊದಲು 1.0 ಇರುತ್ತಿತ್ತು. ನಳಿಗೆಯಲ್ಲಿ ಸ್ವಚ್ಛ ನೀರು ಡ್ರಮ್ಮಿಗೆ ಬೀಳುತ್ತಿತ್ತು. ವೆಂಚುರಿಯ ಮುಂದೆ ಹಾದಿಯಲ್ಲಿ ನೋಡಿದರೆ, ಒಡೆದ ಪೈಪನ್ನು ಕತ್ತರಿಸಿ ನಡುವೆ ಅರ್ಧ ಇಂಚಿನ ತುಂಡನ್ನು ಎರಡೂ ಕಡೆ ರೆಡ್ಯೂಸರ್ ಹಾಕಿ ಜೋಡಿಸಿದ್ದರು. ಕೆಲಸದವರು ಹೇಳಿದ್ದರಂತೆ, ಸಣ್ಣ ಪೈಪು ಹಾಕಿದರೆ ಪ್ರೆಶರ್ ಜಾಸ್ತಿ ಬರುತ್ತದೆ ಅಂತ.

ಈ ನಂಬಿಕೆ ಎಲ್ಲಿಂದ ಬಂತು ಅಂದರೆ, ಹೋಸ್ ಪೈಪಿನ ತುದಿಗೆ ಹೆಬ್ಬೆರಳು ಒತ್ತಿದಾಗ ನೀರು ದೂರ ಚಿಮ್ಮುವುದನ್ನು ಎಲ್ಲರೂ ನೋಡಿದ್ದಾರೆ. ಅಲ್ಲಿ ಆಗುವುದು ಇಷ್ಟು. ಬೆರಳು ದಾರಿ ಕಟ್ಟಿದ್ದಕ್ಕೆ ಹರಿವು ಕಮ್ಮಿಯಾಗುತ್ತದೆ, ಹರಿವು ಕಮ್ಮಿಯಾದ್ದಕ್ಕೆ ಉದ್ದ ಪೈಪಿನ ತಿಕ್ಕಾಟ ಕಮ್ಮಿ ತಿನ್ನುತ್ತದೆ, ಹಾಗಾಗಿ ಬೆರಳಿನ *ಹಿಂದೆ* ಒತ್ತಡ ಏರುತ್ತದೆ. ಆ ಒತ್ತಡವೇ ಬೆರಳಿನ ಸಂದಿಯಲ್ಲಿ ವೇಗದ ರೂಪಕ್ಕೆ ಬದಲಾಗಿ ನೀರು ಚಿಮ್ಮುತ್ತದೆ. ಏರಿದ ಒತ್ತಡ ಕಿರಿದಾದ ಜಾಗದಲ್ಲಿ ಇಲ್ಲ, ಅದರ ಹಿಂದೆ ಇದೆ. ಕಿರಿದಾದ ಜಾಗದಲ್ಲಿ ವೇಗ ಇದೆ. ಒಟ್ಟು ನೀರಂತೂ ಕಮ್ಮಿಯೇ ಆಗಿದೆ, ಬಕೆಟ್ ಇಟ್ಟು ನೋಡಿದರೆ ಗೊತ್ತಾಗುತ್ತದೆ.

ಮಾವನ ಲೈನಿನಲ್ಲಿ ಬೆರಳಿನ ಕೆಲಸ ಮಾಡಿದ್ದು ಆ ಅರ್ಧ ಇಂಚಿನ ತುಂಡು, ಮತ್ತು ಅದರ "ಹಿಂದೆ" ಕೂತಿದ್ದು ವೆಂಚುರಿ. ಅವರ ಲೈನೂ ನಾವು ಮೇಲೆ ಮಾಡಿದ ಲೆಕ್ಕದಂಥದ್ದೇ ಅಂತ ಇಟ್ಟುಕೊಳ್ಳಿ. ಹರಿವು 0.5ಕ್ಕೆ ಇಳಿದರೆ ಬೆಟ್ಟದ ಪೈಪಿನ ತಿಕ್ಕಾಟ 5 ಮೀಟರಿನ ಬದಲು ಸುಮಾರು 2 ಮೀಟರ್ ತಿನ್ನುತ್ತದೆ. 15ರಲ್ಲಿ 2 ಹೋದರೆ ಬಾಯಿಯಲ್ಲಿ 13 ಮೀಟರ್, ಗೇಜು 1.3. ಕುತ್ತಿಗೆಯಲ್ಲಿ ಇಳಿಯುವುದು ಮಾತ್ರ 5.0 ಮೀಟರ್. 13ರಲ್ಲಿ 5 ಕಳೆದರೆ ಪ್ಲಸ್ 8. ಮೊದಲು ಮೈನಸ್ 2.8 ಇದ್ದ ಜಾಗದಲ್ಲಿ ಈಗ ಪ್ಲಸ್ 8 ಮೀಟರ್! ನಳಿಗೆಯಲ್ಲಿ ನೀರು ಹಿಂದಕ್ಕೆ ಬರದೆ ಇನ್ನೇನು ಮಾಡೀತು.

ಹಿಂದಿನ ವಿಭಾಗದ ಹರಿವೂ 0.5 ಇತ್ತು ಅನ್ನುವುದನ್ನು ಗಮನಿಸಿ. ಹರಿವು ಎರಡರಲ್ಲೂ ಒಂದೇ. ಬೇರೆ ಮಾಡಿ ತೋರಿಸುವುದು ಗೇಜು. ಹರಿವು ಕಮ್ಮಿ, ಗೇಜೂ ಕಮ್ಮಿ ಆದರೆ ಅಡ್ಡಿ ಹಿಂದೆ. ಹರಿವು ಕಮ್ಮಿ, ಗೇಜು ಜಾಸ್ತಿ ಆದರೆ ಅಡ್ಡಿ ಮುಂದೆ. ಗೇಜು ಏರಿದೆ ಅಂತ ಖುಷಿ ಪಡುವ ವಿಷಯವೇ ಅಲ್ಲ ಇದು.

ಮುಂದೆ ಏನೇನು ನೋಡಬೇಕು? ಮೊದಲು ಗೇಟ್ ವಾಲ್ವ್ ಪೂರ್ತಿ ತೆರೆದಿದೆಯೋ ನೋಡಿ, ಹಿಡಿ ತಿರುಗಿದರೂ ಒಳಗಿನ ಗೇಟು ಕಳಚಿ ಕೆಳಗೇ ಕೂತಿರುವುದುಂಟು. ಆಮೇಲೆ ಸ್ಪ್ರಿಂಕ್ಲರಿನ ತೂತುಗಳು: ಮಳೆಗಾಲದಲ್ಲಿ ಇರುವೆ, ಕಣಜ ಮಣ್ಣು ತುಂಬಿರುತ್ತವೆ, ತೆಳ್ಳಗಿನ ಹಂಚಿಕಡ್ಡಿಯಲ್ಲಿ ಬಿಡಿಸಿ, ತಂತಿ ಹಾಕಿ ತೂತು ದೊಡ್ಡ ಮಾಡಬೇಡಿ. ಲೈನಿನ ಕೊನೆಯ ಮುಚ್ಚಳ ಬಿಚ್ಚಿ ಕೆಸರು ಹೊರಗೆ ಬಿಡಿ. ಕೊನೆಯ ಮುಚ್ಚಳ ಬಿಚ್ಚಿದ ಕೂಡಲೇ ವೆಂಚುರಿ ಎಳೆಯಲು ಶುರು ಮಾಡಿದರೆ ಅಡ್ಡಿ ಸ್ಪ್ರಿಂಕ್ಲರುಗಳಲ್ಲಿ. ಬಿಚ್ಚಿದರೂ ಎಳೆಯದಿದ್ದರೆ ಅಡ್ಡಿ ವೆಂಚುರಿಗೂ ಆ ತುದಿಗೂ ನಡುವೆ.

ಮಾವನ ತೋಟದಲ್ಲಿ ಆ ತುಂಡು ತೆಗೆದು ಒಂದು ಇಂಚಿನ ಪೈಪೇ ಹಾಕಿದ ಮೇಲೆ ಗೇಜು ಮತ್ತೆ 1.0ಕ್ಕೆ ಬಂತು, ನಳಿಗೆಯಲ್ಲಿ ಗೋಮೂತ್ರದ ಬಣ್ಣ ಏರಿತು.

ಲಕ್ಷಣ: ನಳಿಗೆಯಲ್ಲಿ ಗುಳ್ಳೆ, ಸ್ಪ್ರಿಂಕ್ಲರ್ ಕೆಮ್ಮುತ್ತಿದೆ, ಗೊಬ್ಬರ ಬಿಟ್ಟು ಬಿಟ್ಟು ಹೋಗುತ್ತಿದೆ

ಗಾಳಿ ಎಳೆದುಕೊಳ್ಳುತ್ತಿದೆ. ಡ್ರಮ್ಮಿನ ನೀರು ನಳಿಗೆಯ ತುದಿಗಿಂತ ಕೆಳಗೆ ಹೋಗಿದೆಯೋ ಅಂತ ಮೊದಲು ನೋಡಿ. ಅದಲ್ಲದಿದ್ದರೆ ಕುತ್ತಿಗೆಯ ಸುತ್ತಲಿನ ಜಾಯಿಂಟು.

ಇಲ್ಲಿ ಸೋರಿಕೆ ಹುಡುಕುವ ರೂಢಿ ನಮ್ಮನ್ನು ದಾರಿ ತಪ್ಪಿಸುತ್ತದೆ. ಸಾಮಾನ್ಯವಾಗಿ ಜಾಯಿಂಟು ಒದ್ದೆ ಇದ್ದರೆ ಸೋರುತ್ತಿದೆ, ಒಣಗಿದ್ದರೆ ಗಟ್ಟಿ ಅಂತ ಲೆಕ್ಕ. ಆದರೆ ಕುತ್ತಿಗೆಯಲ್ಲಿ ಒತ್ತಡ ಹೊರಗಿನ ಗಾಳಿಗಿಂತ ಕಮ್ಮಿ. ಅಲ್ಲಿ ಬಿರುಕಿದ್ದರೆ ನೀರು ಹೊರಗೆ ಬರುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ಜಾಯಿಂಟು ಪೂರ್ತಿ ಒಣಗಿದ್ದು, ಕೈಗೆ ಒಂದು ಹನಿಯೂ ಸಿಗದೆ, ದೋಷ ಅಲ್ಲೇ ಇರುತ್ತದೆ.

ಸೋಪಿನ ನೊರೆ ಮಾಡಿ ಜಾಯಿಂಟಿನ ಸುತ್ತ ಹಚ್ಚಿ. ನೊರೆ ಎಲ್ಲಿ ಗುಂಡಿ ಬಿದ್ದು ಒಳಗೆ ಹೋಗುತ್ತದೋ ಅಲ್ಲಿ ಗಾಳಿ ಹೊಕ್ಕುತ್ತಿದೆ. ನೀರು ನಿಲ್ಲಿಸಿದಾಗ ಅದೇ ಬಿರುಕಿನಿಂದ ಹನಿ ಹೊರಗೆ ಬಂದರೆ ಅನುಮಾನವೇ ಬೇಡ, ಹರಿಯುವಾಗ ಒಳಗೆ, ನಿಂತಾಗ ಹೊರಗೆ. ಟೆಫ್ಲಾನ್ ಟೇಪು ಸುತ್ತಿ ಮತ್ತೆ ಬಿಗಿ ಮಾಡಿ. ಪ್ಲಾಸ್ಟಿಕ್ ತಿರುಪನ್ನು ಪೈಪ್ ಪಾನ ಹಾಕಿ ಜೋರಾಗಿ ತಿರುಗಿಸಿದರೆ ಇನ್ನೊಂದು ಬಿರುಕು ಬರುತ್ತದೆ, ಕೈಯಲ್ಲಿ ಬಿಗಿ ಮಾಡಿ ಆಮೇಲೆ ಕಾಲು ಸುತ್ತು ಸಾಕು.

ಲಕ್ಷಣ: ಎಲ್ಲ ಸ್ವಚ್ಛ, ಗೇಜು ಸರಿ, ಹರಿವೂ ಸರಿ, ಒದ್ದೆ ಬೆರಳು ಇಟ್ಟರೆ ಮಾತ್ರ ನೀರು ಹೊರಕ್ಕೇ ಬರುತ್ತದೆ

ಈಗ ವೆಂಚುರಿಯನ್ನೇ ಬಿಚ್ಚಬಹುದು. ಮೊದಲು ಅದರ ಮೇಲಿನ ಬಾಣದ ಗುರುತು ನೋಡಿ. ಉಲ್ಟಾ ಕೂರಿಸಿದರೆ ಕೆಲಸ ಕೆಡುತ್ತದೆ. ಕಿರಿದಾಗುವ ಭಾಗ ಗಿಡ್ಡ, ಅಗಲವಾಗುವ ಭಾಗ ಉದ್ದ, ನೀರು ಗಿಡ್ಡ ಕಡೆಯಿಂದ ಒಳಗೆ ಹೋಗಬೇಕು. ವೇಗವಾಗಿ ಬಂದ ನೀರು ನಿಧಾನಕ್ಕೆ ಅಗಲವಾದರೆ ಮಾತ್ರ ಒತ್ತಡ ಮರಳಿ ಸಿಗುತ್ತದೆ. ಥಟ್ಟನೆ ಅಗಲವಾದರೆ ಸುಳಿ ಎದ್ದು ಅದೆಲ್ಲ ವ್ಯರ್ಥ.

ಬಾಣ ಸರಿ ಇದ್ದರೆ ಕುತ್ತಿಗೆ ಸವೆದಿದೆಯೋ ನೋಡಬೇಕು. ಮರಳು ಬರುವ ನೀರಿನಲ್ಲಿ ಪ್ಲಾಸ್ಟಿಕ್ ಕುತ್ತಿಗೆ ಸವೆಯುತ್ತದೆ. ಅಳೆಯಲು 8 ಮಿಲಿಮೀಟರ್ ಡ್ರಿಲ್ ಬಿಟ್ಟಿನ ನುಣುಪು ಬುಡ ಸಾಕು. ಅದು ಬಿಗಿಯಾಗಿ ಹೋಗಬೇಕು. 9ರ ಬಿಟ್ಟು ಸರಾಗ ಹೋದರೆ ವೆಂಚುರಿ ಮುಗಿಯಿತು. ಒಂದೇ ಮಿಲಿಮೀಟರಿಗೆ ಇಷ್ಟಾ ಅಂತ ಅನ್ನಿಸಬಹುದು. ಅದೇ 0.8 ಲೀಟರಿಗೆ 9 ಮಿಲಿಮೀಟರ್ ಕುತ್ತಿಗೆಯಲ್ಲಿ ವೇಗ 12.6 ಮೀಟರ್, ಒತ್ತಡ ಇಳಿಯುವುದು 7.9 ಮೀಟರ್. ಬಾಯಿಯಲ್ಲಿ 10 ಇದೆ. ಕುತ್ತಿಗೆಯಲ್ಲಿ ಪ್ಲಸ್ 2.1, ಎಳೆತ ಮಾಯ. ವ್ಯಾಸದ ವರ್ಗ ಕ್ಷೇತ್ರಫಲಕ್ಕೆ, ಅದರ ವರ್ಗ ಒತ್ತಡಕ್ಕೆ, ಹಾಗಾಗಿ ವ್ಯಾಸದ ಸಣ್ಣ ಬದಲಾವಣೆ ನಾಲ್ಕನೇ ಘಾತದಲ್ಲಿ ಹೊಡೆಯುತ್ತದೆ.

ಲಕ್ಷಣ: ಕುತ್ತಿಗೆಯಲ್ಲಿ ಜಲ್ಲಿಕಲ್ಲು ಉರುಳಿದ ಹಾಗೆ ಕರಕರ ಸದ್ದು

ಇದು ಅಬ್ಬಿ ಲೈನಿಗಿಂತ ಪಂಪಿನ ಲೈನಿನಲ್ಲಿ ಜಾಸ್ತಿ. ವೇಗ ಅತಿಯಾಗಿ ಒತ್ತಡ ಎಷ್ಟು ಇಳಿದಿದೆ ಅಂದರೆ ತಣ್ಣನೆಯ ನೀರೇ ಅಲ್ಲಿ ಕುದ್ದು ಆವಿಯ ಗುಳ್ಳೆಯಾಗುತ್ತದೆ, ಮುಂದೆ ಒತ್ತಡ ಏರಿದ ಕೂಡಲೇ ಗುಳ್ಳೆ ಒಡೆಯುತ್ತದೆ. ಅದರ ಸದ್ದು ಇದು, ಕುತ್ತಿಗೆಯನ್ನು ಕೊರೆದು ಹಾಕುತ್ತದೆ.

ಲೆಕ್ಕಕ್ಕೆ ಇಲ್ಲೊಂದು ಮಿತಿ ಇದೆ. ಕಾರವಾರದಲ್ಲಿ, ಸಮುದ್ರ ಮಟ್ಟದಲ್ಲಿ, ಗಾಳಿಯ ಒತ್ತಡ 10.3 ಮೀಟರ್ ನೀರಿನಷ್ಟು. ಸಿರಸಿ ಸುಮಾರು 590 ಮೀಟರ್ ಎತ್ತರದಲ್ಲಿದೆ, ಇಲ್ಲಿ 9.6 ಮೀಟರ್. 30 ಡಿಗ್ರಿ ನೀರಿನ ಆವಿಯ ಒತ್ತಡ ಸುಮಾರು 0.4 ಮೀಟರ್. ಹಾಗಾಗಿ ಸಿರಸಿಯಲ್ಲಿ ಯಾವ ಪೈಪೂ ಮೈನಸ್ 9.2 ಮೀಟರಿಗಿಂತ ಕೆಳಗೆ ಎಳೆಯಲಾರದು. ಸೂತ್ರ ಮೈನಸ್ 15 ಅಂತ ಉತ್ತರ ಕೊಟ್ಟರೆ ಅದು ನಿಜದ ಪೈಪಿನಲ್ಲಿ ಆಗುವುದಿಲ್ಲ, ನೀವು ಹಿಡಿದ ಹರಿವು ಆ ಕುತ್ತಿಗೆಯಲ್ಲಿ ಹೋಗುವುದೇ ಇಲ್ಲ ಅಂತ ಅರ್ಥ. ಪಂಪಿನ ಲೈನಾದರೆ ವೆಂಚುರಿಗೆ ಹೋಗುವ ವಾಲ್ವ್ ಸ್ವಲ್ಪ ತಿರುಗಿಸಿ ಹರಿವು ಕಮ್ಮಿ ಮಾಡಿ, ಸದ್ದು ನಿಲ್ಲುವವರೆಗೆ.

ಲಕ್ಷಣ: ಪೈಪು ಸರಿ ಇದೆ, ಲೆಕ್ಕವೇ ಸುಳ್ಳು ಹೇಳುತ್ತಿದೆ

ಮನೆಯಲ್ಲಿ ಪಿಯುಸಿ ಓದುವ ಮಕ್ಕಳಿದ್ದರೆ ಈ ಲೆಕ್ಕ ಅವರ ಕೈಗೆ ಕೊಡಿ, ಆದರೆ ಮೂರು ಕಡೆ ತಪ್ಪುತ್ತಾರೆ. ಕುತ್ತಿಗೆಯ ವೇಗ 5.1 ಬಂದರೆ ವ್ಯಾಸದ ಅನುಪಾತವನ್ನು ವರ್ಗ ಮಾಡಲು ಮರೆತಿದ್ದಾರೆ, 25 ಭಾಗ 8 ಅಂದರೆ 3.125, ಅದರ ವರ್ಗ 9.8, ಬೇಕಾದದ್ದು ಈ 9.8. ವೇಗ ನೂರಾರು ಬಂದರೆ ಸೆಂಟಿಮೀಟರ್ ಮೀಟರ್ ಬೆರೆತಿದೆ. ಕುತ್ತಿಗೆಯ ಒತ್ತಡ ಬಾಯಿಗಿಂತ ಜಾಸ್ತಿ ಬಂದರೆ v1, v2 ಅದಲು ಬದಲಾಗಿದೆ. ಉತ್ತರ ಮೈನಸ್ ಬಂದಿದ್ದಕ್ಕೆ ಮಾತ್ರ ಹೆದರಬಾರದು, ಗೇಜಿನ ಸೊನ್ನೆ ಅಂದರೆ ಹೊರಗಿನ ಗಾಳಿ, ನಿರ್ವಾತ ಅಲ್ಲ. ವೆಂಚುರಿಯಲ್ಲಿ ನಮಗೆ ಬೇಕಾಗಿರುವುದೇ ಆ ಮೈನಸ್.

ಯಾವಾಗ ನಿಲ್ಲಿಸಿ ಬೇರೆಯವರನ್ನು ಕರೆಯಬೇಕು

ಮನೆಯ ನಲ್ಲಿಯಲ್ಲಿ ಬಣ್ಣ ಅಥವಾ ವಾಸನೆ ಕಂಡರೆ ಮೊದಲು ನೀರು ಕುಡಿಯುವುದು ನಿಲ್ಲಿಸಿ, ಗೊಬ್ಬರದ ವಾಲ್ವ್ ಮುಚ್ಚಿ, ಲೈನು ಪೂರ್ತಿ ತೊಳೆಸಿ. ಆ ನೀರು ಕುದಿಸಿದರೆ ಗೊಬ್ಬರ ಹೋಗುವುದಿಲ್ಲ. ನೀರು ಪರೀಕ್ಷೆ ಆಗುವವರೆಗೆ ಬೇರೆ ಬಾವಿಯ ನೀರು ತನ್ನಿ.

ನೀರು ನಿಂತಾಗಲೂ ಗೇಜು ಏರದೆ, ಬೆಟ್ಟದ ಪೈಪು ಮಣ್ಣಿನೊಳಗೆ ಹೋಗಿದ್ದರೆ, ಅಲ್ಲಲ್ಲಿ ಅಗೆಯುವ ಬದಲು ಪ್ಲಂಬರನ್ನು ಕರೆಯುವುದೇ ಕಮ್ಮಿ ಖರ್ಚು. ಪಂಪಿನ ಲೈನಿನಲ್ಲಿ ಮೋಟಾರು ಓಡುತ್ತಿದ್ದರೂ ಪ್ರೆಶರ್ ಏರದಿದ್ದರೆ ಇಂಪೆಲ್ಲರಿನ ಕೆಲಸ, ಅದು ಮೆಕ್ಯಾನಿಕ್ಕಿನದು.

ಇನ್ನೊಂದು ಸಂದರ್ಭ ಇದೆ: ಏನೂ ಕೆಟ್ಟಿಲ್ಲ, ವೆಂಚುರಿಯ ಅಳತೆಯೇ ಆ ಲೈನಿಗೆ ಹೊಂದುವುದಿಲ್ಲ. ಟ್ಯಾಂಕಿ ಬರೀ 6 ಮೀಟರ್ ಮೇಲಿದ್ದರೆ, ಇಲ್ಲವೇ ತೋಟ ವೆಂಚುರಿಗಿಂತ ಎತ್ತರಕ್ಕೆ ಹೋಗಿದ್ದರೆ, ಬೇಕಾದ ಹರಿವು ಹುಟ್ಟುವುದೇ ಇಲ್ಲ. ವೆಂಚುರಿಯ ಹೊರಬಾಯಿಯ ಒತ್ತಡ ಒಳಬಾಯಿಗಿಂತ ಸ್ಪಷ್ಟವಾಗಿ ಕಮ್ಮಿ ಇರಬೇಕು, ಎರಡರ ವ್ಯತ್ಯಾಸ ಸಾಮಾನ್ಯವಾಗಿ ಒಳಬಾಯಿಯ ಒತ್ತಡದ ಕಾಲು ಪಾಲಿಗಿಂತ ಜಾಸ್ತಿ. ಆಗ ಡ್ರಿಪ್ ಹಾಕುವವರ ಹತ್ತಿರ ಹೋಗಿ, ಆದರೆ ಬರೀ ಎಳೆಯುತ್ತಿಲ್ಲ ಅಂತ ಹೇಳಬೇಡಿ. ನೀರು ನಿಂತಾಗಿನ ಗೇಜು, ಹರಿಯುವಾಗಿನ ಒಳಬಾಯಿ ಮತ್ತು ಹೊರಬಾಯಿಯ ಗೇಜು, ಸೆಕೆಂಡಿಗೆ ಎಷ್ಟು ಲೀಟರ್, ಕುತ್ತಿಗೆ ಎಷ್ಟು ಮಿಲಿಮೀಟರ್, ಡ್ರಮ್ಮು ಎಷ್ಟು ಕೆಳಗಿದೆ, ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು ಒಯ್ಯಿರಿ. ಇಷ್ಟಿದ್ದರೆ ಕುತ್ತಿಗೆ ಸಣ್ಣದು ಬೇಕೋ ದೊಡ್ಡದು ಬೇಕೋ ಅನ್ನುವುದನ್ನು ಅವರು ಅಂಗಡಿಯಲ್ಲೇ ಕೂತು ಹೇಳಬಹುದು.